‘ಯಾಕೆ’ಯಿಂದ ‘ಯಾರಿಂದ’ವರೆಗೆ: ಆತ್ಮಹತ್ಯೆಯ ನಂತರ ಉಳಿದವರ ದುಃಖ

ಆತ್ಮಹತ್ಯೆಯಿಂದ ಒಬ್ಬರನ್ನು ಕಳೆದುಕೊಂಡ ಮನೆಯಲ್ಲಿ ಅಳುವಿನ ಜೊತೆಗೇ ಪ್ರಶ್ನೆಗಳೂ ಶುರುವಾಗುತ್ತವೆ. ಕಾಯಿಲೆಯಿಂದಲೋ ಅಪಘಾತದಿಂದಲೋ ಸಾವು ಬಂದಾಗ ನೋಡಲು ಬಂದವರು ‘ಹೇಗಾಯಿತು’ ಎಂದು ಕೇಳುತ್ತಾರೆ. ಮನೆಯವರು ಹತ್ತಾರು ಸಲ ಅದನ್ನೇ ಹೇಳುತ್ತಾರೆ. ಹೇಳುತ್ತ ಹೇಳುತ್ತ ಸಾವು ಅವರಿಗೂ ನಿಜವಾಗುತ್ತ ಹೋಗುತ್ತದೆ. ಆತ್ಮಹತ್ಯೆಯಾದ ಮನೆಯಲ್ಲಿ ‘ಹೇಗೆ’ ಎಂಬುದರ ಜಾಗಕ್ಕೆ ‘ಯಾಕೆ’ ಬಂದು ಕೂರುತ್ತದೆ, ಅದರ ಬೆನ್ನಿಗೇ ‘ಯಾರಿಂದ’ ಎಂಬುದು ಹುಟ್ಟುತ್ತದೆ. ಮೊದಲನೆಯದಕ್ಕೆ ಉತ್ತರ ಹೇಳಬಲ್ಲ ಒಬ್ಬರೇ ಒಬ್ಬರು ಈಗ ಇಲ್ಲ. ಎರಡನೆಯದಕ್ಕೆ ಉತ್ತರ ಹೇಳಲು ಊರೆಲ್ಲ ಸಿದ್ಧವಾಗಿರುತ್ತದೆ.

ಹೀಗೆ ಉಳಿದುಹೋದವರ ಸ್ಥಿತಿಯನ್ನು ಪ್ರತ್ಯೇಕವಾಗಿ ಗಮನಿಸಬೇಕೆಂದು ಮೊದಲು ಒತ್ತಿ ಹೇಳಿದವರಲ್ಲಿ ಅಮೆರಿಕದ ಮನೋವಿಜ್ಞಾನಿ ಎಡ್ವಿನ್ ಶ್ನೈಡ್‌ಮನ್ ಮುಖ್ಯರು. ಲಾಸ್ ಏಂಜಲೀಸ್‌ನಲ್ಲಿ 1958ರಲ್ಲಿ ಆತ್ಮಹತ್ಯೆ ತಡೆ ಕೇಂದ್ರವನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಸಾವನ್ನು ತಡೆಯುವುದು ಒಂದು ಕೆಲಸವಾದರೆ, ಸಾವಾದ ಮೇಲೆ ಉಳಿದವರನ್ನು ನೋಡಿಕೊಳ್ಳುವುದು ಅಷ್ಟೇ ದೊಡ್ಡ ಇನ್ನೊಂದು ಕೆಲಸ ಎಂಬುದು ಅವರ ನಿಲುವಾಗಿತ್ತು. ಒಂದು ಆತ್ಮಹತ್ಯೆಯ ಹಿಂದೆ ಸುಮಾರು ಆರು ಮಂದಿ ಆಪ್ತರು ನೋಯುತ್ತಾರೆಂಬ ಅಂದಾಜು ಬಹುಕಾಲ ಚಾಲ್ತಿಯಲ್ಲಿತ್ತು. ಸತ್ತವರನ್ನು ಬಲ್ಲವರನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡು 2018ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನ ಆ ಸಂಖ್ಯೆಯನ್ನು 135ಕ್ಕೆ ಏರಿಸಿತು. ಅವರೆಲ್ಲರ ನೋವೂ ಒಂದೇ ಆಳದ್ದಲ್ಲ ನಿಜ. ಆದರೆ ಭಾರತದಲ್ಲಿ ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಲೆಕ್ಕದಂತೆ 2022ನೇ ವರ್ಷವೊಂದರಲ್ಲೇ 1,70,924 ಮಂದಿ ಆತ್ಮಹತ್ಯೆಯಿಂದ ಸತ್ತರು. ಆರರ ಹಳೆಯ ಅಂದಾಜನ್ನೇ ಹಿಡಿದರೂ ಆ ಒಂದು ವರ್ಷದಲ್ಲಿ ಈ ದುಃಖಕ್ಕೆ ಹೊಸದಾಗಿ ಸೇರಿದವರು ಹತ್ತು ಲಕ್ಷದಷ್ಟಾಗುತ್ತಾರೆ.

ನಮ್ಮಲ್ಲಿ ಈ ದುಃಖ ಪೊಲೀಸ್ ಠಾಣೆಯ ಮೂಲಕ ಹಾದುಬರಬೇಕು. ಸಾವು ಅಸಹಜವಾದ್ದರಿಂದ ಠಾಣೆಯಲ್ಲಿ ಯು.ಡಿ.ಆರ್. ದಾಖಲಾಗುತ್ತದೆ, ಪಂಚರ ಸಮಕ್ಷಮ ಮಹಜರು ನಡೆಯುತ್ತದೆ, ಶವ ಮರಣೋತ್ತರ ಪರೀಕ್ಷೆಗೆ ಹೋಗುತ್ತದೆ. ಸತ್ತವರು ಮದುವೆಯಾಗಿ 7 ವರ್ಷ ತುಂಬದ ಹೆಣ್ಣುಮಗಳಾಗಿದ್ದರೆ ಮ್ಯಾಜಿಸ್ಟ್ರೇಟರೇ ವಿಚಾರಣೆ ನಡೆಸಬೇಕು. ತಾಯಿ, ಹೆಂಡತಿ, ತಮ್ಮ ಎಲ್ಲರೂ ಹೇಳಿಕೆ ಕೊಡಬೇಕು. ಸತ್ತವರ ಮೊಬೈಲು, ಡೈರಿ, ಪತ್ರವಿದ್ದರೆ ಪತ್ರ ಇವೆಲ್ಲ ತನಿಖೆಗೆ ಹೋಗುತ್ತವೆ. ಇದು ಆಗಬೇಕಾದದ್ದೇ, ಕೊಲೆಯನ್ನು ಆತ್ಮಹತ್ಯೆಯೆಂದು ಮುಚ್ಚಿಹಾಕದಂತೆ ಕಾನೂನು ಇಟ್ಟ ಕಾವಲು ಇದು. ಆದರೆ ಅದಕ್ಕೆ ಒಂದು ಅಡ್ಡಪರಿಣಾಮವಿದೆ. ಅಳಬೇಕಾದ ಹೊತ್ತಿನಲ್ಲಿ ಮನೆಯವರು ಸಾಕ್ಷಿಗಳಂತೆ ಮಾತಾಡಲು ಕಲಿಯುತ್ತಾರೆ. ‘ಕೊನೆಯ ಸಲ ಯಾವಾಗ ಮಾತಾಡಿದಿರಿ? ಜಗಳವೇನಾದರೂ ಆಗಿತ್ತೇ? ಯಾರ ಮೇಲಾದರೂ ಅನುಮಾನವಿದೆಯೇ?’ ಎಂಬ ಪೊಲೀಸರ ಪ್ರಶ್ನೆಗಳು ಪೊಲೀಸರು ಹೋದ ಮೇಲೂ ಮನೆಯಲ್ಲೇ ಉಳಿದುಬಿಡುತ್ತವೆ.

ಇಂಥ ಹಲವು ಮನೆಗಳಲ್ಲಿ ಕಾಣುವುದನ್ನೆಲ್ಲ ಸೇರಿಸಿ ಒಂದು ಕುಟುಂಬವನ್ನು ಕಲ್ಪಿಸಿಕೊಂಡರೆ ಇದು ಹೇಗೆ ನಡೆಯುತ್ತದೆಂಬುದು ಸ್ಪಷ್ಟವಾಗುತ್ತದೆ. ತಿಪಟೂರು ಸೀಮೆಯ ಒಂದು ಮನೆ. ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ 34 ವರ್ಷದ ಹಿರಿಯ ಮಗ ತೀರಿಕೊಂಡಿದ್ದಾನೆ. ಮನೆಯಲ್ಲಿ ತಾಯಿ, ಹೆಂಡತಿ, ಆರು ವರ್ಷದ ಮಗಳು. ತಮ್ಮ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಎರಡು ವರ್ಷದಿಂದ ವ್ಯಾಪಾರದಲ್ಲಿ ನಷ್ಟವಿತ್ತು. ಕೈಸಾಲ ಎಷ್ಟಿತ್ತೆಂಬುದು ಸತ್ತ ಮೇಲಷ್ಟೇ ಗೊತ್ತಾಯಿತು. ಕುಡಿತ ಹೆಚ್ಚಾಗಿತ್ತು, ಎರಡು ತಿಂಗಳಿಂದ ನಿದ್ದೆ ಸರಿಯಾಗಿರಲಿಲ್ಲ. ಹಿಂದಿನ ವಾರ ಮಾತಿಗೆ ಮಾತು ಬೆಳೆದು ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ಆ ರಾತ್ರಿ ತಮ್ಮನಿಗೆ ಒಂದು ಕರೆ ಬಂದಿತ್ತು. ಕೆಲಸದಲ್ಲಿದ್ದ ತಮ್ಮ ‘ನಾಳೆ ಮಾಡಿದರಾಯಿತು’ ಎಂದುಕೊಂಡ.

ಹಾಲು ತುಪ್ಪ ಬಿಡುವಷ್ಟರಲ್ಲಿ ಆ ಮನೆಯಲ್ಲಿ ಮೂರು ಕಥೆಗಳು ಸಿದ್ಧವಾಗಿರುತ್ತವೆ. ‘ಅವಳು ತವರಿಗೆ ಹೋಗದಿದ್ದರೆ ನನ್ನ ಮಗ ಉಳಿಯುತ್ತಿದ್ದ’ ಎಂಬುದು ತಾಯಿಯ ಕಥೆ. ‘ಮದುವೆಯಾಗಿ ಬಂದಾಗಿನಿಂದ ಮನೆ ಏಳಿಗೆಯಾಗಲಿಲ್ಲ’ ಎಂದು ಯಾರೋ ನೆಂಟರು ಸೊಸೆಯ ಕಾಲ್ಗುಣವನ್ನೂ ಅದಕ್ಕೆ ಸೇರಿಸುತ್ತಾರೆ. ಹೆಂಡತಿಯ ಕಥೆಯಲ್ಲಿ ತಪ್ಪು ಮೈದುನನದು: ಪಾಲಿನ ಹಣ ಕೇಳಿದಾಗ ಅವನು ಕೊಟ್ಟಿದ್ದರೆ ಸಾಲ ತೀರುತ್ತಿತ್ತು. ತಮ್ಮ ಯಾರನ್ನೂ ದೂರುವುದಿಲ್ಲ. ಎತ್ತಿಕೊಳ್ಳದೆ ಬಿಟ್ಟ ಆ ಕರೆಯನ್ನು ಮೊಬೈಲಿನಲ್ಲಿ ಅಳಿಸದೆ ಇಟ್ಟುಕೊಂಡು, ಯಾರಿಗೂ ತೋರಿಸದೆ, ದಿನಕ್ಕೆ ಹತ್ತು ಸಲ ನೋಡುತ್ತಾನೆ. ಆರೋಪ ಹೊರಗೆ ಹೋಗುವ ದಾರಿ ಒಂದು, ಒಳಗೆ ತಿರುಗುವ ದಾರಿ ಇನ್ನೊಂದು. ಎರಡನೆಯದು ಸದ್ದು ಮಾಡುವುದಿಲ್ಲವಾದ್ದರಿಂದ ಅದನ್ನು ಗುರುತಿಸುವವರು ಕಡಿಮೆ.

ಈ ಮೂರೂ ಕಥೆಗಳಲ್ಲಿ ಒಂದೇ ದೋಷವಿದೆ. ನಡೆದದ್ದು ಗೊತ್ತಾದ ಮೇಲೆ ಹಿಂತಿರುಗಿ ನೋಡಿದರೆ ಅದು ನಡೆಯಲೇಬೇಕಿತ್ತು, ಮೊದಲೇ ಕಾಣುತ್ತಿತ್ತು ಎಂದು ಮನಸ್ಸಿಗೆ ಅನಿಸುತ್ತದೆ. ಬರೂಕ್ ಫಿಶಾಫ್ ಎಂಬ ಮನೋವಿಜ್ಞಾನಿ 1970ರ ದಶಕದಲ್ಲಿ ಇದನ್ನು ಪ್ರಯೋಗದಿಂದಲೇ ತೋರಿಸಿದರು. ಅಮೆರಿಕದ ಅಧ್ಯಕ್ಷ ನಿಕ್ಸನ್ 1972ರಲ್ಲಿ ಚೀನಾಕ್ಕೆ ಹೊರಡುವ ಮೊದಲು, ಅಲ್ಲಿ ಏನೇನು ನಡೆಯಬಹುದೆಂದು ವಿದ್ಯಾರ್ಥಿಗಳಿಂದ ಅಂದಾಜು ಬರೆಸಿಕೊಳ್ಳಲಾಯಿತು. ಭೇಟಿ ಮುಗಿದ ಮೇಲೆ, ಮೊದಲು ತಾವು ಏನು ಬರೆದಿದ್ದೆವೆಂದು ನೆನಪಿಸಿಕೊಳ್ಳಲು ಅವರಿಗೇ ಹೇಳಲಾಯಿತು. ನಿಜವಾಗಿ ನಡೆದ ಸಂಗತಿಗಳನ್ನು ತಾವು ಮೊದಲೇ ಹೆಚ್ಚು ಖಚಿತವಾಗಿ ಊಹಿಸಿದ್ದೆವೆಂದು ಅವರು ನಂಬಿಕೊಂಡಿದ್ದರು. ಸುಳ್ಳು ಹೇಳುವ ಉದ್ದೇಶ ಅವರಿಗಿರಲಿಲ್ಲ. ಫಲಿತಾಂಶ ತಿಳಿದ ಮೇಲೆ ನೆನಪೇ ಬೇರೆಯಾಗಿ ಜೋಡಣೆಯಾಗಿತ್ತು.

ಯಾರದೋ ವಿದೇಶ ಪ್ರವಾಸದ ವಿಷಯದಲ್ಲೇ ನೆನಪು ಹೀಗೆ ಮಾಡುವುದಾದರೆ ಸ್ವಂತ ಅಣ್ಣನ ಸಾವಿನಲ್ಲಿ ಏನು ಮಾಡೀತು? ಅಣ್ಣ ಹಿಂದೆಯೂ ರಾತ್ರಿ ಹೊತ್ತು ಎಷ್ಟೋ ಸಲ ಕರೆ ಮಾಡಿದ್ದ. ತಮ್ಮ ಎತ್ತದಿದ್ದಾಗ ಮರುದಿನ ಇಬ್ಬರೂ ಮಾತಾಡಿದ್ದರು. ಆ ಕರೆಗಳೊಂದೂ ಈಗ ನೆನಪಿಗೆ ಬರುವುದಿಲ್ಲ, ಈ ಒಂದು ಕರೆ ಮಾತ್ರ ಎದ್ದು ನಿಂತಿದೆ. ಹೆಂಡತಿ ಮುನಿಸಿಕೊಂಡು ತವರಿಗೆ ಹೋಗಿದ್ದೂ ಅದೇ ಮೊದಲಲ್ಲ. ಸಾವಿನ ನಂತರ ‘ಸೂಚನೆ’ ಎಂದು ಕಾಣುವುದರಲ್ಲಿ ಬಹುಪಾಲು ಸಾವಿಗೆ ಮೊದಲು ದಿನನಿತ್ಯದ ಸಂಗತಿಯೇ ಆಗಿತ್ತು. ಆ ಕರೆ ಎತ್ತಿದ್ದರೆ ಅಣ್ಣ ಉಳಿಯುತ್ತಿದ್ದನೇ ಎಂಬುದಕ್ಕೆ ಹೌದು ಎಂದಾಗಲಿ ಅಲ್ಲ ಎಂದಾಗಲಿ ಯಾರೂ ಹೇಳಲಾರರು. ಆ ರಾತ್ರಿ ತಮ್ಮನಿಗೆ ಏನು ಗೊತ್ತಿತ್ತು ಎಂಬುದನ್ನು ಮಾತ್ರ ಹೇಳಬಹುದು. ದುಃಖದಲ್ಲಿರುವವರ ಜೊತೆ ಕೆಲಸ ಮಾಡುವ ಸಮಾಲೋಚಕರು ಈ ವ್ಯತ್ಯಾಸದ ಮೇಲೆಯೇ ಬಹಳ ಹೊತ್ತು ನಿಲ್ಲುತ್ತಾರೆ. ‘ನಿನ್ನ ತಪ್ಪಿಲ್ಲ ಬಿಡು’ ಎಂದು ಅವರು ಅವಸರದಲ್ಲಿ ಹೇಳುವುದಿಲ್ಲ. ಹಾಗೆ ಹೇಳಿದರೆ ಕೇಳಿಸಿಕೊಂಡವರು ಬಾಯಿ ಮುಚ್ಚಿಕೊಳ್ಳುತ್ತಾರೆಯೇ ಹೊರತು ನಂಬುವುದಿಲ್ಲ. ಆ ದಿನ ಬೆಳಗಿನಿಂದ ರಾತ್ರಿಯವರೆಗೆ ಏನೇನು ನಡೆಯಿತೆಂದು ಗಂಟೆಗಂಟೆಯಾಗಿ ಹೇಳಿಸುತ್ತಾರೆ. ಪ್ರತಿ ಹಂತದಲ್ಲೂ ‘ಆಗ ನಿಮಗೆ ಏನು ತಿಳಿದಿತ್ತು’ ಎಂದು ಕೇಳುತ್ತಾರೆ. ಅಪರಾಧಿಭಾವ ಅದರಿಂದ ಮಾಯವಾಗುವುದಿಲ್ಲ. ಅದು ನಿಜವಾದ ಅಳತೆಗೆ ಇಳಿಯುತ್ತದೆ.

‘ನಾವೇ ಕಂಡುಹಿಡಿಯಬೇಕಿತ್ತು’ ಎಂಬ ಕೊರಗಿಗೆ ವೈದ್ಯಕೀಯ ಅನುಭವವೂ ಒಂದು ಉತ್ತರ ಕೊಡುತ್ತದೆ. ಅಮೆರಿಕದ ಮನೋವೈದ್ಯ ಅಲೆಕ್ಸ್ ಪೊಕಾರ್ನಿ ಮಾಜಿ ಸೈನಿಕರ ಆಸ್ಪತ್ರೆಯೊಂದಕ್ಕೆ ಮಾನಸಿಕ ಚಿಕಿತ್ಸೆಗೆಂದು ದಾಖಲಾದ 4,800 ಮಂದಿಯನ್ನು ಪರೀಕ್ಷಿಸಿ, ಮುಂದಿನ ವರ್ಷಗಳಲ್ಲಿ ಅವರಿಗೆ ಏನಾಯಿತೆಂದು ಗಮನಿಸಿ 1983ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ 67 ಮಂದಿ ಆತ್ಮಹತ್ಯೆಯಿಂದ ಸತ್ತಿದ್ದರು. ಅಪಾಯದಲ್ಲಿರುವವರೆಂದು ಪರೀಕ್ಷೆಗಳು ಆರಿಸಿದ ಪಟ್ಟಿಯಲ್ಲಿ ಆ 67ರ ಪೈಕಿ ಸಿಕ್ಕವರು ಸುಮಾರು ಅರ್ಧದಷ್ಟು. ಅದೇ ಪಟ್ಟಿಯಲ್ಲಿ ಬದುಕಿ ಬಾಳಿದವರು ನೂರಾರು ಮಂದಿ ಇದ್ದರು. ಐವತ್ತು ವರ್ಷಗಳ 365 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2017ರ ಇನ್ನೊಂದು ವಿಶ್ಲೇಷಣೆಯೂ, ತಜ್ಞರಿಗೆ ಗೊತ್ತಿರುವ ಒಂದೊಂದು ಅಪಾಯದ ಅಂಶವೂ ಬಿಡಿಯಾಗಿ ಕುರುಡು ಊಹೆಗಿಂತ ಸ್ವಲ್ಪವೇ ಉತ್ತಮ ಎಂದಿತು. ಅಟ್ಲಾಂಟಾ ನಗರದ ಐರಿಸ್ ಬೋಲ್ಟನ್ ಕೌಟುಂಬಿಕ ಸಮಾಲೋಚನೆಯನ್ನೇ ವೃತ್ತಿಯಾಗಿಸಿಕೊಂಡಿದ್ದವರು. 1977ರಲ್ಲಿ ಅವರ ಇಪ್ಪತ್ತು ವರ್ಷದ ಮಗನೇ ಹೀಗೆ ತೀರಿಕೊಂಡ. ಮುಂದೆ ಅವರು ಆ ಅನುಭವವನ್ನು ಪುಸ್ತಕವಾಗಿ ಬರೆದರು, ಇಂಥ ಪೋಷಕರಿಗಾಗಿ ದಶಕಗಳ ಕಾಲ ಕೆಲಸ ಮಾಡಿದರು.

ತಡೆಯುವುದು ಸಾಧ್ಯವೇ ಇಲ್ಲವೆಂದು ಇದರ ಅರ್ಥವಲ್ಲ. ನೂರಾರು ಜನರಲ್ಲಿ ಅಪಾಯ ಹೆಚ್ಚಿರುವವರಿಗೆಲ್ಲ ಚಿಕಿತ್ಸೆ, ಆಸರೆ ಒದಗಿಸಿದರೆ ಒಟ್ಟು ಸಾವುಗಳು ಇಳಿಯುತ್ತವೆ. ಆದರೆ ಇಂಥವರು ಇಂಥ ದಿನವೇ ಎಂದು ಮೊದಲೇ ಹೇಳುವುದು ತರಬೇತಾದವರಿಗೂ ಆಗಿಲ್ಲ. ಅಡುಗೆಮನೆಯಲ್ಲಿದ್ದ ತಾಯಿ ಅದನ್ನು ಹೇಳಬೇಕಿತ್ತೆಂದು ಅಪೇಕ್ಷಿಸುವುದು ನ್ಯಾಯವಲ್ಲ.

ಇನ್ನು ಕಾರಣದ ಪ್ರಶ್ನೆ. ಪೊಲೀಸ್ ದಾಖಲೆಯಲ್ಲಿ ಒಂದು ಸಾವಿಗೆ ಒಂದು ಕಾರಣ ಬರೆಯಲಾಗುತ್ತದೆ. 2022ರ ರಾಷ್ಟ್ರೀಯ ಅಂಕಿಅಂಶದಲ್ಲಿ ‘ಕೌಟುಂಬಿಕ ಸಮಸ್ಯೆ’ ಎಂಬ ಶೀರ್ಷಿಕೆಯಡಿ ಸೇ. 31.7, ‘ಕಾಯಿಲೆ’ ಎಂಬುದರಡಿ ಸೇ. 18.4 ಸಾವುಗಳು ಸೇರಿದ್ದವು. ಪತ್ರಿಕೆಯ ಸುದ್ದಿಯೂ ‘ಸಾಲಬಾಧೆ ತಾಳಲಾರದೆ’, ‘ಪರೀಕ್ಷೆಯಲ್ಲಿ ನಪಾಸಾಗಿದ್ದಕ್ಕೆ’ ಎಂದು ಒಂದೇ ಸಾಲಿನಲ್ಲಿ ವಿಷಯ ಮುಗಿಸುತ್ತದೆ. ಲೆಕ್ಕ ಇಡುವ ಅನುಕೂಲಕ್ಕೆ ಮಾಡಿದ ಈ ವಿಂಗಡಣೆಯನ್ನು ಮನೆಯವರು ತೀರ್ಪೆಂದು ಓದಿಕೊಳ್ಳುತ್ತಾರೆ. ‘ಕೌಟುಂಬಿಕ ಸಮಸ್ಯೆ’ ಎಂದು ಬರೆದಾಗ ಕುಟುಂಬದವರೆಲ್ಲ ಆರೋಪಿಗಳಾದಂತಾಗುತ್ತದೆ.

ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಜಿ. ಗುರುರಾಜ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದೇ ಚಿತ್ರ ಕೊಡುತ್ತದೆ. ನಗರದಲ್ಲಿ ಆತ್ಮಹತ್ಯೆಯಿಂದ ಸತ್ತ 269 ಮಂದಿಯನ್ನು ಬದುಕಿರುವ ಅಷ್ಟೇ ಜನರ ಜೊತೆ ಹೋಲಿಸಿ ನೋಡಿದ ಅಧ್ಯಯನ ಅದು. ಹಿಂದೆ ಮಾಡಿದ ಆತ್ಮಹತ್ಯೆಯ ಪ್ರಯತ್ನ, ಮದ್ಯವ್ಯಸನ, ಮಾನಸಿಕ ಕಾಯಿಲೆ, ಮನೆಯೊಳಗಿನ ವಿರಸ ಮತ್ತು ಹಿಂಸೆ, ದಿಢೀರನೆ ಬಂದ ಹಣದ ಮುಗ್ಗಟ್ಟು ಇವೆಲ್ಲ ಸತ್ತವರಲ್ಲಿ ಹೆಚ್ಚಾಗಿ ಕಂಡವು. ಇವುಗಳಲ್ಲಿ ಯಾವುದೋ ಒಂದು ಸಾವಿಗೆ ಕಾರಣವಾಯಿತೆಂದು ಅಧ್ಯಯನ ಹೇಳಲಿಲ್ಲ. ಹಲವು ಅಂಶಗಳು ಮತ್ತೆ ಮತ್ತೆ, ಒಂದರ ಮೇಲೊಂದು ಸೇರುತ್ತ ಹೋಗಿ ಸಾವಿಗೆ ತಲುಪುತ್ತವೆ ಎಂದಿತು. ತಿಪಟೂರಿನ ಆ ಮನೆಯಲ್ಲಿ ಸಾಲ, ಕುಡಿತ, ನಿದ್ದೆಗೇಡು, ಜಗಳ ನಾಲ್ಕೂ ಇದ್ದವು. ನಿದ್ದೆಗೇಡು, ಕುಡಿತಗಳ ಹಿಂದೆ ಯಾರೂ ಗುರುತಿಸದ ಖಿನ್ನತೆ ಇದ್ದಿರಬಹುದು. ಹೆಂಡತಿ ತವರಿಗೆ ಹೋದದ್ದು ಈ ಸಾಲಿನ ಕೊನೆಯಲ್ಲಿ ಬರುತ್ತದೆ. ಕೊನೆಯಲ್ಲಿ ಬಂದದ್ದರಿಂದಲೇ ಅದು ಎಲ್ಲರ ಕಣ್ಣಿಗೆ ಬೀಳುತ್ತದೆ. ಎಷ್ಟೋ ಮನೆಗಳಲ್ಲಿ ಜಗಳವಾಗುತ್ತದೆ, ಎಷ್ಟೋ ಹೆಂಡಂದಿರು ತವರಿಗೆ ಹೋಗಿ ಹಿಂದಿರುಗುತ್ತಾರೆ.

ಪತ್ರವೊಂದು ಸಿಕ್ಕಿದ್ದರೆ ಎಲ್ಲ ತಿಳಿಯುತ್ತಿತ್ತೆಂದು ಅನೇಕರು ಹಂಬಲಿಸುತ್ತಾರೆ. ಪತ್ರ ಬರೆದಿಟ್ಟು ಸಾಯುವವರು ಅಲ್ಪಸಂಖ್ಯಾತರು, ಬರೆಯದೆ ಹೋಗುವವರೇ ಹೆಚ್ಚು. ಸಿಕ್ಕ ಪತ್ರಗಳೂ ಬಹುಮಟ್ಟಿಗೆ ಚಿಕ್ಕವು: ಕ್ಷಮೆ, ಯಾರಿಗೋ ಕೊಡಬೇಕಾದ ಹಣ, ಮಕ್ಕಳನ್ನು ನೋಡಿಕೊಳ್ಳಿ ಎಂಬ ಮಾತು. ‘ಯಾರೂ ಕಾರಣರಲ್ಲ’ ಎಂದು ಬರೆದಿದ್ದರೆ ಮನೆಯವರು ಅದನ್ನು ನಂಬುವುದಿಲ್ಲ. ಯಾರದೋ ಹೆಸರು ಬರೆದಿದ್ದರೆ ಅದನ್ನಷ್ಟೇ ನಂಬುತ್ತಾರೆ. ನೋವು ಮಿತಿಮೀರಿದ ಒಂದು ಗಂಟೆಯಲ್ಲಿ, ಬುದ್ಧಿ ಕಿರಿದಾದ ಸ್ಥಿತಿಯಲ್ಲಿ ಬರೆದ ಸಾಲುಗಳವು. ಇಡೀ ಬದುಕನ್ನು ಅವುಗಳಿಂದ ಅಳೆಯಲಾಗದು. ಮೂಲ ಪತ್ರ ತನಿಖೆಗೆ ಹೋಗಿಬಿಡುವುದರಿಂದ, ಅದನ್ನು ಓದಬೇಕೆನ್ನುವವರು ಪ್ರತಿಯೊಂದನ್ನು ಕೇಳಿ ಪಡೆಯಬಹುದೇ ಎಂದು ತನಿಖಾಧಿಕಾರಿಯನ್ನು ವಿಚಾರಿಸಿಟ್ಟುಕೊಳ್ಳುವುದು ಒಳ್ಳೆಯದು. ಓದಲು ಈಗ ಬೇಡವೆನಿಸುವವರಿಗೂ ಎರಡು ವರ್ಷದ ನಂತರ ಬೇಕೆನಿಸಬಹುದು.

ಆರೋಪವೆಲ್ಲ ಭ್ರಮೆಯೆಂದು ಇಲ್ಲಿ ತಿಳಿಯಬಾರದು. ವರದಕ್ಷಿಣೆಗಾಗಿ ಹೊಡೆದವರು, ಬಡ್ಡಿಗಾಗಿ ಬೀದಿಯಲ್ಲಿ ನಿಲ್ಲಿಸಿ ಅವಮಾನ ಮಾಡಿದವರು, ಕೆಲಸದ ಜಾಗದಲ್ಲೋ ಹಾಸ್ಟೆಲಿನಲ್ಲೋ ಕಿರುಕುಳ ಕೊಟ್ಟವರು ಇದ್ದಾರೆ. ಮಗಳನ್ನು ಹಾಗೆ ಕಳೆದುಕೊಂಡ ತಂದೆತಾಯಿಗೆ ‘ಯಾರನ್ನೂ ದೂರಬೇಡಿ’ ಎಂದು ಉಪದೇಶಿಸುವುದು ಕ್ರೌರ್ಯವಾದೀತು. ಅಂಥ ಸಂದರ್ಭಕ್ಕೆಂದೇ ಭಾರತೀಯ ನ್ಯಾಯ ಸಂಹಿತೆಯ 108ನೇ ಕಲಂ ಆತ್ಮಹತ್ಯೆಗೆ ಪ್ರಚೋದನೆ ನೀಡುವುದನ್ನು ಅಪರಾಧವಾಗಿಸಿದೆ. 10 ವರ್ಷದವರೆಗೆ ಶಿಕ್ಷೆಯಾಗಬಹುದು. ಆದರೆ ಪ್ರಚೋದನೆ ಎಂದರೆ ಏನೆಂಬುದರಲ್ಲಿ ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಬಿಗಿಯಾಗಿದೆ. ಸಾವಿಗೆ ದೂಡುವ ಉದ್ದೇಶ, ಅದಕ್ಕೆ ನೇರವಾಗಿ ಸೇರಿದ ಕೃತ್ಯ ಇರಬೇಕು. ಮನೆಯ ಸಾಮಾನ್ಯ ಜಗಳವಾಗಲಿ ಸಿಟ್ಟಿನ ಭರದ ಮಾತಾಗಲಿ ಸಾಲದು. ಆ ಕಾನೂನಿನ ಗೆರೆ ಮನೆಯೊಳಗೂ ಉಪಯೋಗಕ್ಕೆ ಬರುತ್ತದೆ. ಹಿಂಸೆ ನಡೆದಿದ್ದರೆ ದೂರು, ವಕೀಲರು, ನ್ಯಾಯಾಲಯ ಎಂಬ ದಾರಿಯಿದೆ, ಅದರಲ್ಲಿ ಹೋಗಬೇಕು. ಹಿಂಸೆ ನಡೆದಿಲ್ಲ, ಬರೀ ಸಂಸಾರದ ಏಳುಬೀಳಿತ್ತು ಎಂದಾದರೆ ಮನೆಯೇ ನ್ಯಾಯಾಲಯವಾಗಬೇಕಿಲ್ಲ. ಮೊಕದ್ದಮೆ ನಡೆಸುವ ಕುಟುಂಬಗಳು ಒಂದು ವಿಷಯವನ್ನು ಮೊದಲೇ ತಿಳಿದಿರಬೇಕು: ಪ್ರಕರಣ ವರ್ಷಗಟ್ಟಲೆ ಎಳೆಯುತ್ತದೆ. ತೀರ್ಪು ಬಂದ ಮೇಲೆ ಅತ್ತರಾಯಿತೆಂದು ಕಾಯುವವರು ಅಷ್ಟು ಕಾಲ ಅಳದೆ ಉಳಿಯುತ್ತಾರೆ.

ಸತ್ತವರ ಮೇಲಿನ ಸಿಟ್ಟು ಬಾಯಿಗೆ ಬರುವುದು ಬಹಳ ನಿಧಾನ. ಬಿಟ್ಟುಹೋದನಲ್ಲ, ಇಷ್ಟೊಂದು ಸಾಲ ನಮ್ಮ ತಲೆಗೆ ಕಟ್ಟಿ ಹೋದನಲ್ಲ, ಮಗುವಿನ ಮುಖ ನೆನಪಾಗಲಿಲ್ಲವೇ ಎಂಬ ಸಿಟ್ಟು ಹೆಂಡತಿಗೆ ಬರುವುದು ಸಹಜ. ಸತ್ತವರನ್ನು ಬಯ್ಯಬಾರದೆಂಬ ಕಟ್ಟುಪಾಡಿನಿಂದ ಅದು ಬೇರೆಯವರ ಕಡೆಗೆ ತಿರುಗುತ್ತದೆ. ಅತ್ತೆ ಸೊಸೆಯರ ನಡುವಿನ ಆರೋಪಗಳಲ್ಲಿ ಒಂದು ಭಾಗ ಹೀಗೆ ವಿಳಾಸ ತಪ್ಪಿದ ಸಿಟ್ಟು. ವರ್ಷಗಟ್ಟಲೆ ಮಾನಸಿಕ ಕಾಯಿಲೆ, ಪದೇ ಪದೇ ಪ್ರಯತ್ನ, ನಿದ್ದೆಯಿಲ್ಲದ ಕಾವಲು ಇದ್ದ ಮನೆಗಳಲ್ಲಿ ಇನ್ನೊಂದು ಭಾವನೆಯೂ ಬರುತ್ತದೆ: ಒಂದು ನಿರಾಳ. ಅದು ಬಂದ ಕ್ಷಣವೇ ಮನುಷ್ಯ ತನ್ನನ್ನೇ ರಾಕ್ಷಸನೆಂದುಕೊಳ್ಳುತ್ತಾನೆ. ಸಿಟ್ಟೂ ನಿರಾಳವೂ ಪ್ರೀತಿಯ ಜೊತೆಗೇ ಇರಬಲ್ಲವೆಂಬುದನ್ನು ಯಾರಾದರೂ ಒಬ್ಬರು ಗಟ್ಟಿಯಾಗಿ ಹೇಳಿದರೆ ಉಳಿದವರಿಗೆ ಉಸಿರಾಡಲು ಜಾಗ ಸಿಗುತ್ತದೆ.

ಒಂದೇ ಮನೆಯವರು ಒಂದೇ ರೀತಿ ದುಃಖಿಸುವುದಿಲ್ಲ. ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಎಂಬ ನೆದರ್ಲೆಂಡ್ಸ್‌ನ ಸಂಶೋಧಕರು 1999ರಲ್ಲಿ ಮುಂದಿಟ್ಟ ವಿವರಣೆ ಇಲ್ಲಿ ಬಹಳ ನೆರವಿನದು. ದುಃಖ ಮೆಟ್ಟಿಲೇರಿದಂತೆ ಹಂತಹಂತವಾಗಿ ಸಾಗುವುದಿಲ್ಲ, ಎರಡು ಕಡೆಗೆ ತೂಗುತ್ತಿರುತ್ತದೆ ಎನ್ನುತ್ತಾರೆ ಅವರು. ಒಂದು ಕಡೆ ಕಳೆದುಕೊಂಡದ್ದರ ಕಡೆಗಿನ ಸೆಳೆತ: ಅಳು, ಫೋಟೊ, ನೆನಪು, ‘ಯಾಕೆ’ ಎಂಬ ಹುಡುಕಾಟ. ಇನ್ನೊಂದು ಕಡೆ ಮುಂದಿನ ಬದುಕಿನ ಕೆಲಸ: ಬ್ಯಾಂಕಿಗೆ ಹೋಗುವುದು, ಮಗುವನ್ನು ಶಾಲೆಗೆ ಕಳಿಸುವುದು, ನಗುವುದು ಕೂಡ. ಆರೋಗ್ಯವಂತ ದುಃಖ ಎರಡರ ನಡುವೆ ಓಡಾಡುತ್ತದೆ. ತಾಯಿ ಮೊದಲನೆಯದರಲ್ಲೇ ಮುಳುಗಿದ್ದು, ಸೊಸೆ ಹದಿನೈದನೇ ದಿನಕ್ಕೆ ಕೆಲಸ ಹುಡುಕತೊಡಗಿದರೆ ತಾಯಿಗೆ ಅದು ಪ್ರೀತಿಯಿಲ್ಲದ್ದರ ಗುರುತಾಗಿ ಕಾಣುತ್ತದೆ. ಸೊಸೆಗೋ ಮಗಳಿಗೆ ಊಟ ಹಾಕುವ ದಾರಿ ಅದೊಂದೇ. ಕಣ್ಣೀರನ್ನು ಲೆಕ್ಕ ಹಾಕಿ ಪ್ರೀತಿಯನ್ನು ಅಳೆಯುವ ರೂಢಿ ಈ ಮನೆಗಳಲ್ಲಿ ಮಾಡುವ ಹಾನಿ ಸಣ್ಣದಲ್ಲ.

‘ಯಾಕೆ’ ಎಂಬ ಹುಡುಕಾಟವನ್ನು ಬಲವಂತವಾಗಿ ನಿಲ್ಲಿಸಲಾಗದು. ಅದಕ್ಕೆ ಜಾಗವನ್ನೂ ಹೊತ್ತನ್ನೂ ಗೊತ್ತುಮಾಡಬಹುದು. ಮನೆಯವರು ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಕೂತು ಸತ್ತವರ ಬಗ್ಗೆಯೇ ಮಾತಾಡಬಹುದು. ತೀರಾ ಮುನಿಸಿರುವವರ ನಡುವೆ ಇಬ್ಬರಿಗೂ ಬೇಕಾದ ಹಿರಿಯರೊಬ್ಬರು ಕೂರಬಹುದು. ಆ ಮಾತಿಗೆ ಒಂದು ನಿಯಮ ಸಾಕು: ಪ್ರತಿಯೊಬ್ಬರೂ ತಮಗೆ ಗೊತ್ತಿದ್ದದ್ದನ್ನು, ತಮಗೆ ಅನಿಸಿದ್ದನ್ನು ಹೇಳಬೇಕು, ಇನ್ನೊಬ್ಬರು ಏನು ಮಾಡಬೇಕಿತ್ತೆಂಬುದನ್ನಲ್ಲ. ಆ ತಮ್ಮ ತನ್ನ ಮೊಬೈಲಿನ ಕರೆಯನ್ನು ಮೊದಲ ಬಾರಿಗೆ ಅತ್ತಿಗೆಗೆ ತೋರಿಸಿದಾಗ, ಅದೇ ರಾತ್ರಿ ತನಗೂ ಕರೆ ಮಾಡಬೇಕೆನಿಸಿ ಹಟದಿಂದ ಮಾಡದೆ ಉಳಿದದ್ದನ್ನು ಅವಳೂ ಹೇಳಿಕೊಳ್ಳಬಹುದು. ಸಾಲದ ಮಾಹಿತಿ ಒಬ್ಬರ ಬಳಿ, ನಿದ್ದೆಯ ಮಾಹಿತಿ ಇನ್ನೊಬ್ಬರ ಬಳಿ, ಕುಡಿತದ ಮಾಹಿತಿ ಸ್ನೇಹಿತರ ಬಳಿ ಚೂರುಚೂರಾಗಿ ಇತ್ತೆಂಬುದು ಹೀಗೆ ಮಾತಾಡಿದಾಗಲೇ ತಿಳಿಯುವುದು. ಇಡೀ ಚಿತ್ರ ಯಾರೊಬ್ಬರ ಕೈಯಲ್ಲೂ ಇರಲಿಲ್ಲ. ಸತ್ತವನೇ ಅದನ್ನು ಹಂಚಿ ಬಚ್ಚಿಟ್ಟಿದ್ದ. ಇಷ್ಟು ತಿಳಿದ ಮೇಲೂ ಒಂದಷ್ಟು ಪ್ರಶ್ನೆ ಉಳಿಯುತ್ತದೆ. ಅನೇಕ ಕುಟುಂಬಗಳು ಕೊನೆಗೆ ತಲುಪುವುದು ‘ಅವನಿಗೆ ಆ ನೋವು ತಡೆಯಲಾಗಲಿಲ್ಲ, ಉಳಿದದ್ದು ನಮಗೆ ಗೊತ್ತಿಲ್ಲ’ ಎಂಬಂಥ ಒಂದು ಸರಳ ಮಾತಿಗೆ.

ಸಾವನ್ನು ಮುಚ್ಚಿಡುವ ಕುಟುಂಬಗಳು ಇದನ್ನೆಲ್ಲ ಕಳೆದುಕೊಳ್ಳುತ್ತವೆ. ‘ಹಾರ್ಟ್ ಅಟ್ಯಾಕ್’ ಎಂದು ಊರಿಗೆ ಹೇಳಿದ ಮೇಲೆ ಊರಿನವರ ಮುಂದೆ ಮನಬಿಚ್ಚಿ ಅಳುವಂತಿಲ್ಲ, ಬಂದ ಪ್ರತಿಯೊಬ್ಬರ ಮುಂದೆಯೂ ಎಚ್ಚರದಿಂದಿರಬೇಕು. ಶಾಸ್ತ್ರಗಳ ವಿಷಯದಲ್ಲೂ ಕುಗ್ಗುವುದುಂಟು. ದುರ್ಮರಣವೆಂದು ತಿಥಿಯನ್ನು ಕಿರಿದು ಮಾಡುವುದು, ಫೋಟೊ ಹಾಕದಿರುವುದು, ಹೆಸರೆತ್ತದಿರುವುದು ಹಲವು ಕಡೆ ಇದೆ. ಹಿಂದೂ ಕುಟುಂಬಗಳು ಗೋಕರ್ಣ, ಶ್ರೀರಂಗಪಟ್ಟಣಗಳಲ್ಲಿ ನಾರಾಯಣ ಬಲಿ ಮಾಡಿಸುವುದು ಇಂಥ ಸಾವಿಗೂ ವಿಧಿಯೊಂದಿದೆ, ಸತ್ತವರನ್ನು ಕೈಬಿಡಬೇಕಿಲ್ಲ ಎಂಬ ನಂಬಿಕೆಯಿಂದ. ಕ್ಯಾಥೊಲಿಕ್ ಚರ್ಚಿನ 1983ರ ಧರ್ಮಸಂಹಿತೆಯಲ್ಲಿ, ಅಂತ್ಯಕ್ರಿಯೆ ನಿರಾಕರಿಸಬೇಕಾದವರ ಪಟ್ಟಿಯಲ್ಲಿ ಆತ್ಮಹತ್ಯೆ ಮಾಡಿಕೊಂಡವರು ಇಲ್ಲ. ಆಸ್ತಿಕರಲ್ಲದವರಿಗೂ ಒಂದು ಸಭೆ, ಒಂದು ಊಟ, ಹೆಸರು ಹೇಳಿ ನೆನೆಯುವ ಒಂದು ದಿನ ಬೇಕಾಗುತ್ತದೆ. ನೋಡಲು ಬರುವವರು ಕಾರಣ ಕೇಳದೆ ಸತ್ತವರ ಬದುಕಿನ ಒಂದು ಸಂಗತಿ ಹೇಳಿದರೆ ಸಾಕು: ‘ನಮ್ಮ ಮನೆಯ ಗೃಹಪ್ರವೇಶಕ್ಕೆ ಅವನೇ ನಿಂತು ಬಡಿಸಿದ್ದ.’ ಮೂವತ್ತನಾಲ್ಕು ವರ್ಷದ ಬಾಳನ್ನು ಕೊನೆಯ ಒಂದು ರಾತ್ರಿಗೆ ಕುಗ್ಗಿಸದೆ ಇರಲು ಅಂಥ ಮಾತು ನೆರವಾಗುತ್ತದೆ.

ಉಳಿದವರ ಜೀವಕ್ಕೂ ಅಪಾಯವಿದೆ ಎಂಬುದನ್ನು ಮರೆಯಬಾರದು. ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಆಪ್ತರನ್ನು ಕಳೆದುಕೊಂಡಿದ್ದ 3,432 ಯುವಜನರ ಬಗ್ಗೆ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಹಜ ಸಾವಿನಿಂದ ಆಪ್ತರನ್ನು ಕಳೆದುಕೊಂಡವರಿಗಿಂತ ಆತ್ಮಹತ್ಯೆಯಿಂದ ಕಳೆದುಕೊಂಡವರಲ್ಲಿ ತಾವೂ ಪ್ರಯತ್ನಿಸುವ ಸಂಭವ ಸೇ. 65ರಷ್ಟು ಹೆಚ್ಚಿತ್ತು. ಹೀಗಾಗಿ, ‘ನಾನೂ ಅವನ ಹತ್ತಿರ ಹೋಗಬೇಕು’ ಎಂಬ ಮಾತನ್ನು ದುಃಖದ ಮಾತೆಂದು ತಳ್ಳಿಹಾಕದೆ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿಯೇ ಕೇಳಬೇಕು. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತೆಂಬ ಭಯಕ್ಕೆ ಆಧಾರವಿಲ್ಲ. ಹೌದೆಂದವರನ್ನು ಒಂಟಿಯಾಗಿ ಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಕರೆಗೆ ಹಣವಿಲ್ಲ. ತಿಂಗಳುಗಳು ಕಳೆದರೂ ಹಂಬಲ ಒಂದಿಷ್ಟೂ ಇಳಿಯದೆ, ಮನೆಯಿಂದ ಹೊರಬೀಳಲು, ದುಡಿಯಲು, ಉಣ್ಣಲು ಆಗದಿದ್ದರೆ ಅದು ಚಿಕಿತ್ಸೆ ಬೇಕಾದ ಸ್ಥಿತಿ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಆರು ತಿಂಗಳು ದಾಟಿದ ದೀರ್ಘಕಾಲದ ದುಃಖವೆಂದು ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ. ಇದಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆಗಳಿವೆ. ಅವುಗಳಲ್ಲಿ ಹೆಚ್ಚು ಪರೀಕ್ಷೆಗೊಳಗಾದ ಒಂದು ಚಿಕಿತ್ಸೆ 16 ಭೇಟಿಗಳದು.

ಮಕ್ಕಳಿಗೆ ಏನು ಹೇಳಬೇಕೆಂಬುದು ಹಿರಿಯರನ್ನು ಹೆಚ್ಚು ಕಾಡುವ ವಿಷಯ. ‘ಅಪ್ಪ ದೂರದ ಊರಿಗೆ ಹೋಗಿದ್ದಾರೆ’ ಎಂದರೆ ಮಗು ಕಾಯುತ್ತದೆ. ‘ದೇವರಿಗೆ ಇಷ್ಟವಾಗಿ ಕರೆದುಕೊಂಡ’ ಎಂದರೆ ದೇವರಿಗೆ ಹೆದರುತ್ತದೆ. ಹೇಗಿದ್ದರೂ ಶಾಲೆಯಲ್ಲಿ ಯಾರಾದರೊಬ್ಬರ ಬಾಯಿಂದ ನಿಜ ಕಿವಿಗೆ ಬೀಳುತ್ತದೆ. ಆಗ ಸಾವಿನ ಜೊತೆಗೆ ಸುಳ್ಳನ್ನೂ ಅದು ಹೊರಬೇಕಾಗುತ್ತದೆ. ಆರು ವರ್ಷದ ಮಗಳಿಗೆ ಹೇಳಬಹುದಾದದ್ದು ಇಷ್ಟು: ‘ಅಪ್ಪನ ಮನಸ್ಸಿಗೆ ತುಂಬಾ ಕಾಯಿಲೆಯಾಗಿತ್ತು, ಆ ಕಾಯಿಲೆಯಲ್ಲಿ ಅಪ್ಪ ತನ್ನ ಜೀವ ತಾನೇ ತೆಗೆದುಕೊಂಡರು. ನೀನು ಮಾಡಿದ ಯಾವುದರಿಂದಲೂ ಹೀಗಾಗಲಿಲ್ಲ. ನಾನು ನಿನ್ನ ಜೊತೆ ಇರುತ್ತೇನೆ.’ ಹೇಗೆ ಎಂಬ ವಿವರ ಬೇಕಿಲ್ಲ. ಎರಡನೆಯ ವಾಕ್ಯವನ್ನಂತೂ ಬಿಡಬಾರದು, ಏಕೆಂದರೆ ಈ ವಯಸ್ಸಿನ ಮಗು ತಾನು ಹಟ ಮಾಡಿದ್ದಕ್ಕೇ ಅಪ್ಪ ಹೋದರೆಂದು ನಂಬಬಲ್ಲದು, ಅದನ್ನು ಯಾರಿಗೂ ಹೇಳದೆಯೂ ಇರಬಲ್ಲದು. ಹತ್ತು ಹನ್ನೆರಡರ ವಯಸ್ಸಿಗೆ ಅದೇ ಮಗಳು ‘ಯಾಕೆ’ ಎಂದು ಮತ್ತೆ ಕೇಳುತ್ತಾಳೆ. ಆಗ ಸಾಲ, ಕುಡಿತ, ಖಿನ್ನತೆಗಳ ಮಾತನ್ನು ಸೇರಿಸಿ ಹೇಳಬೇಕಾಗುತ್ತದೆ. ಕಾಲೇಜಿಗೆ ಹೋಗುವ ವಯಸ್ಸಿಗೆ ಅವಳ ಪ್ರಶ್ನೆ ‘ನನಗೂ ಹೀಗಾಗುತ್ತದೆಯೇ’ ಎಂದಿರುತ್ತದೆ, ಕೇಳದಿದ್ದರೂ ಒಳಗೆ ಇರುತ್ತದೆ. ಕುಟುಂಬದಲ್ಲಿ ಇಂಥ ಸಾವಾಗಿದ್ದರೆ ಅಪಾಯ ಸ್ವಲ್ಪ ಹೆಚ್ಚುವುದು ನಿಜ, ಅದು ಹಣೆಬರಹವಲ್ಲ ಎಂಬುದೂ ನಿಜ. ಅಂಥವರಲ್ಲಿ ಬಹುಪಾಲು ಮಂದಿಗೆ ಹಾಗಾಗುವುದಿಲ್ಲ, ಖಿನ್ನತೆಗೆ ಔಷಧಿಯೂ ಇದೆ ಸಮಾಲೋಚನೆಯೂ ಇದೆ. ಮುಂದೆ ಎಂದಾದರೂ ನಿದ್ದೆ ಬಾರದ, ಯಾವುದೂ ಬೇಡವೆನಿಸುವ ದಿನಗಳು ಎರಡು ವಾರ ಮುಂದುವರಿದರೆ, ಮನೆಯಲ್ಲಿ ಹೀಗೊಂದು ಸಾವಾಗಿದೆ ಎಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕೆಂದು ಅವಳಿಗೆ ಹೇಳಿಟ್ಟಿರಬೇಕು.